ಜಿಗಿ ಬಂದರೆ ರೊಟ್ಟಿ

ಬೆಂಗಳೂರಿನ ಒಂದು ಮನೆಯಲ್ಲಿ ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು. ಕಲಿಯುವವರು ಕಲಬುರಗಿ, ವಿಜಯಪುರಗಳಿಂದ ಓದಲು ಬಂದ ನಾಲ್ವರು. ಒಲೆ ಎರಡೇ ಇರುವುದರಿಂದ ಮನೆಯೊಡತಿ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳುವುದಿಲ್ಲ. ಹಿಟ್ಟು, ಗ್ಯಾಸಿನ ಖರ್ಚು ಶುಲ್ಕದಲ್ಲೇ ಸೇರಿದೆ.

ಮೊದಲ ವಾರ ಎಲ್ಲರ ರೊಟ್ಟಿಯೂ ಅಂಚಿನಲ್ಲಿ ಬಿರಿಯಿತು. ಕಾರಣ, ತಣ್ಣೀರಿನಲ್ಲಿ ಕಲಸಿದ್ದು. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿಲ್ಲ. ಇಲ್ಲಿ ಆ ಕೆಲಸ ಪಿಷ್ಟದ್ದು. ಬಿಸಿನೀರು ಸೇರಿದಾಗ ಅದು ಉಬ್ಬಿ ಅಂಟಾಗುತ್ತದೆ. ಆದ್ದರಿಂದ 2 ಬಟ್ಟಲು ಹಿಟ್ಟಿಗೆ ಸುಮಾರು 1 ಬಟ್ಟಲು ಕುದಿಯುವ ನೀರು ಸುರಿದು, ಸೌಟಿನಿಂದ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯಿಂದ ಒತ್ತಿ ನಾದಬೇಕು. ಉಂಡೆಯನ್ನು ಅದುಮಿದಾಗ ಅಂಚು ಸೀಳದಿದ್ದರೆ ಜಿಗಿ ಬಂದಂತೆ. ಹಿಟ್ಟು ಹಳೆಯದಾದರೆ ಈ ಜಿಗಿ ಕಡಿಮೆ.

ಕಾದ ಹಂಚಿಗೆ ಹಾಕಿದೊಡನೆ ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆ ನೀರು ಆರುತ್ತಿದ್ದಂತೆ ಮಗುಚಬೇಕು. ತಡವಾದರೆ ಮೇಲ್ಭಾಗ ಒಣಗಿ ಬಿರಿಯುತ್ತದೆ, ಒಳಗಿನ ಆವಿ ತಪ್ಪಿಸಿಕೊಳ್ಳುತ್ತದೆ, ರೊಟ್ಟಿ ಉಬ್ಬುವುದಿಲ್ಲ.

ಮೂರನೆಯ ವಾರ ಒಬ್ಬನ ರೊಟ್ಟಿ ಪುಗ್ಗೆಯಂತೆ ಉಬ್ಬಿತು. ‘ಊರಿಗೆ ಹೋದಾಗ ನಮ್ಮವ್ವಗ ನಾನೇ ಮಾಡಿ ಹಾಕ್ತೀನ್ರಿ, ಅಕ್ಕಾರ’ ಎಂದ.