ನದಿ ದಾಟದ ಗೆರೆ

ಒಂಬತ್ತನೇ ತರಗತಿಗೆ ಕರ್ನಾಟಕದ ಪ್ರಾಕೃತಿಕ ವಿಭಾಗಗಳ ಪಾಠ ಮಾಡಿ ಬಂದ ಸಂಜೆ ನನಗೆ ಹಬ್ಬ. ಊಟವಾದ ಮೇಲೆ ಮೇಜು ಒರೆಸಿ, ಪಾಠದ ಟಿಪ್ಪಣಿಯಲ್ಲಿ ಬಂದ ಊರು, ನದಿ, ಬೆಟ್ಟಗಳ ಹೆಸರಿಗೆಲ್ಲ ಪೆನ್ಸಿಲಿನಿಂದ ಅಡಿಗೆರೆ ಹಾಕುತ್ತೇನೆ. ಮೂವತ್ತಕ್ಕೂ ಹೆಚ್ಚು ಸಿಗುತ್ತವೆ. ಎಲ್ಲವನ್ನೂ ಖಾಲಿ ನಕ್ಷೆಗೆ ತುಂಬಿಸಿದರೆ ಅದು ಬರೀ ಬಾಯಿಪಾಠದ ಪರೀಕ್ಷೆಯಾಗುತ್ತದೆ. ಹಾಗಾಗಿ ಹನ್ನೆರಡನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಮಲೆನಾಡು ಯಾಕೆ ಅಲ್ಲೇ ಇದೆ ಎಂಬ ಪ್ರಶ್ನೆಗೆ ದಾರಿ ತೋರುವ ಹೆಸರುಗಳಷ್ಟೇ ನನಗೆ ಬೇಕು.

ನಕ್ಷೆಗೆ ಒಂದು ಸೆಂಟಿಮೀಟರಿಗೆ 40 ಕಿಲೋಮೀಟರ್ ಪ್ರಮಾಣ ಹಿಡಿಯುತ್ತೇನೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿ.ಮೀ. ಉದ್ದದ ರಾಜ್ಯ 19 ಸೆಂ.ಮೀ.ಗೆ ಇಳಿದು ಎ4 ಹಾಳೆಯಲ್ಲಿ ಹಾಯಾಗಿ ಕೂರುತ್ತದೆ. ಇನ್ನು ಏನನ್ನು ಉಳಿಸಬೇಕು, ಏನನ್ನು ಅಳಿಸಬೇಕು? ಈ ಕೆಲಸದ ಸುಖವೆಲ್ಲ ಇರುವುದು ಇಲ್ಲೇ. ನಾನು ಘಟ್ಟವನ್ನು ಅಳಿಸಿ ನದಿಗಳನ್ನು ಉಳಿಸುತ್ತೇನೆ. ನೀರು ಎತ್ತ ಹರಿಯುತ್ತದೆಂದು ನೋಡಿ ಮಕ್ಕಳೇ ಏರು ನೆಲವನ್ನು ಹುಡುಕಲಿ. ಪಶ್ಚಿಮಕ್ಕೆ ಹೋಗುವ ನದಿಗಳಿಗೂ ಪೂರ್ವಕ್ಕೆ ಹೋಗುವ ನದಿಗಳಿಗೂ ನಡುವೆ, ಯಾವ ನದಿಯನ್ನೂ ದಾಟದ ಹಾಗೆ ಒಂದೇ ಗೆರೆ ಎಳೆಯಬೇಕು. ಅದೇ ಜಲವಿಭಾಜಕ.

ಹೆಸರುಗಳನ್ನು ನಕ್ಷೆಯೊಳಗೆ ಬರೆಯಲು ಜಾಗ ಸಾಲದು. ಕಾರವಾರದ ಬಳಿ ಬೆಟ್ಟಗಳು ಕಡಲಿನವರೆಗೂ ಬಂದುಬಿಡುತ್ತವೆ. ಅಲ್ಲಿ ನಮ್ಮ ಕರಾವಳಿಗೆ ಒಂದು ಅಕ್ಷರದಷ್ಟೂ ಅಗಲವಿಲ್ಲ. ಹಾಗಾಗಿ ಅರಬ್ಬಿ ಸಮುದ್ರವೇ ನನ್ನ ಬರೆಯುವ ಹಲಗೆ. ನದಿಯ ಬಾಯಿಯಿಂದ ಸಣ್ಣ ಗೆರೆಯೊಂದನ್ನು ಕಡಲೊಳಗೆ ಎಳೆದು ಅದರ ತುದಿಯಲ್ಲಿ ಹೆಸರು ಬರೆಯುತ್ತೇನೆ. ಕನ್ನಡಕ್ಕೆ ಇದು ಇನ್ನೂ ಅಗತ್ಯ. ‘ನೇತ್ರಾವತಿ’ಯನ್ನು ನದಿಯ ಪಕ್ಕದಲ್ಲೇ ಬರೆದರೆ ಒತ್ತಕ್ಷರ ಕೆಳಗಿನ ಗೆರೆಗೆ ತಾಗಿ ಉಪನದಿಯ ಹಾಗೆ ಕಾಣುತ್ತದೆ.

ಸರಿಯುತ್ತರದ ಗೆರೆ ಇರುವುದು ಪಾರದರ್ಶಕ ಓಎಚ್‌ಪಿ ಹಾಳೆಯ ಮೇಲೆ. ಮಗುವಿನ ನಕ್ಷೆಯ ಮೇಲೆ ಅದನ್ನು ಹೊದಿಸಿದರೆ ಎರಡು ಗೆರೆಗಳೂ ಒಟ್ಟಿಗೆ ಕಾಣಬೇಕು. ಮೂರು ಮೂಲೆಗಳಲ್ಲಿ ಕೂಡುಗುರುತು ಹಾಕಿರುತ್ತೇನೆ. ಒಂದು ವರ್ಷ ಗುರುತುಗಳು ಹೊಂದಲೇ ಇಲ್ಲ. ಜೆರಾಕ್ಸ್ ಯಂತ್ರ ಅಂಚು ಬಿಡಲೆಂದು ನಕ್ಷೆಯನ್ನು ಕುಗ್ಗಿಸಿತ್ತು. ನೂರಕ್ಕೆ ಮೂರು ಕುಗ್ಗಿದರೂ 19 ಸೆಂ.ಮೀ.ಯಲ್ಲಿ ಆರು ಮಿ.ಮೀ.ನಷ್ಟು ಹೋಗುತ್ತದೆ, ಅಂದರೆ ನೆಲದ ಮೇಲೆ 20 ಕಿ.ಮೀ.ಗೂ ಹೆಚ್ಚು. ಸರಿಯಾಗಿ ಎಳೆದ ಮಗುವಿನ ಗೆರೆಯೂ ತಪ್ಪಾಗಿ ಕಾಣುತ್ತದೆ. ಈಗ ಅಂಚಿನಲ್ಲಿ ಹತ್ತು ಸೆಂ.ಮೀ. ಗೆರೆಯೊಂದನ್ನು ಎಳೆದಿರುತ್ತೇನೆ. ಮೊದಲ ಪ್ರತಿ ಹೊರಬಂದ ಕೂಡಲೇ ಸ್ಕೇಲ್ ಇಟ್ಟು ಅಳೆದು, ಆಮೇಲೆ ಉಳಿದ ಪ್ರತಿ ತೆಗೆಸುತ್ತೇನೆ.

ಮಕ್ಕಳು ಸಾಮಾನ್ಯವಾಗಿ ಕಡಲಿಗೆ ಸಮಾನಾಂತರವಾಗಿ ನೇರ ಗೆರೆ ಎಳೆದುಬಿಡುತ್ತಾರೆ. ಅದು ಶರಾವತಿಯನ್ನು ಕತ್ತರಿಸುತ್ತದೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿಯ ಕಡೆಯ ಅಂಬುತೀರ್ಥದಲ್ಲಿ. ಘಟ್ಟದ ಮೇಲೆಯೇ ವಾಯವ್ಯಕ್ಕೆ ಹರಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಆದ್ದರಿಂದ ಗೆರೆ ಅದರ ಹಿಂದಿನಿಂದ ಬಳಸಿ ಹೋಗಬೇಕು. ಇದಕ್ಕಿಂತ ದೊಡ್ಡ ಬಳಸು ಧಾರವಾಡದ ಹತ್ತಿರ. ಅಲ್ಲಿನ ಸೋಮೇಶ್ವರದ ಶಾಲ್ಮಲೆಯ ನೀರು ಬೇಡ್ತಿಯೊಡನೆ ಸೇರಿ, ಗಂಗಾವಳಿ ಎಂಬ ಹೆಸರಿನಲ್ಲಿ ಗೋಕರ್ಣದ ಉತ್ತರಕ್ಕೆ ಕಡಲಿಗೆ ಹೋಗುತ್ತದೆ. ಅದಕ್ಕಿಂತ ಪಶ್ಚಿಮದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮಾತ್ರ ಪೂರ್ವಕ್ಕೆ ಹೊರಟು ಕೃಷ್ಣೆಯನ್ನು ಸೇರುತ್ತದೆ. ಇಲ್ಲಿ ಗೆರೆ ಹಾವಿನ ಹಾಗೆ ಹೊರಳಲೇಬೇಕು. ಮಕ್ಕಳು ರಬ್ಬರ್ ಕೇಳುವುದೂ ಇಲ್ಲೇ.

ಜಲವಿಭಾಜಕವನ್ನು ನೀಲಿ ಗೆರೆಯಲ್ಲಿ ತೋರಿಸುವ ಈ ಉತ್ತರದ ಹಾಳೆಯ ಜೊತೆ ಇನ್ನೊಂದು ಹಸಿರು ಹಾಳೆ ಇಟ್ಟಿದ್ದೇನೆ. ಅದರಲ್ಲಿ ಮಲೆನಾಡು ಇದೆ. ಅದರ ಪೂರ್ವದ ಅಂಚಿಗೆ ನಾನು ಗೆರೆ ಎಳೆದಿಲ್ಲ, ಬೆರಳಗಲ ಓರೆಗೀಟುಗಳನ್ನು ಹಾಕಿದ್ದೇನೆ. ಸಕಲೇಶಪುರ ಮಲೆನಾಡು, ಅರಸೀಕೆರೆ ಬಯಲುಸೀಮೆ, ಎರಡೂ ಹಾಸನ ಜಿಲ್ಲೆಯವೇ. ಇವುಗಳ ನಡುವೆ ಕಾಡು ತೆಳುವಾಗಿ, ಗದ್ದೆ ಹೊಲವಾಗುವುದು ಒಂದೇ ಹೆಜ್ಜೆಯಲ್ಲಲ್ಲ. ಅಲ್ಲಿ ಗೆರೆ ಎಳೆದರೆ ನಾನು ಸುಳ್ಳು ಹೇಳಿದಂತೆ. ಮಲೆನಾಡಿನ ಅಂಚೆಂದು ಮಗು ಎಳೆದ ಗೆರೆ ಓರೆಗೀಟಿನ ಒಳಗೆ ಎಲ್ಲಿ ಬಿದ್ದಿದ್ದರೂ ಪೂರ್ತಿ ಅಂಕ ಕೊಡುತ್ತೇನೆ.

ಈ ವರ್ಷ ಒಬ್ಬ ಹುಡುಗಿ ತನ್ನ ನಕ್ಷೆಯ ಮೇಲೆ ಎರಡೂ ಹಾಳೆಗಳನ್ನು ಒಟ್ಟಿಗೆ ಹೊದಿಸಿ ಕಿಟಕಿಯ ಬೆಳಕಿಗೆ ಹಿಡಿದಳು. “ಸಾರ್, ನೀರು ಬೇರೆ ಆಗೋ ಗೆರೆ ಕೊಡಗಲ್ಲಿ ಹಸಿರಿನ ಈಚೆ ಅಂಚಲ್ಲಿದೆ, ಧಾರವಾಡದ ಹತ್ರ ಆಚೆ ಅಂಚಿಗೆ ಹೋಗ್ಬಿಟ್ಟಿದೆ” ಅಂದಳು. ಆ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಹಾಗೆ ನಾನೇ ನೋಡಿರಲಿಲ್ಲ. ಪಕ್ಕದಲ್ಲಿ ನಿಂತು, ತಲಕಾವೇರಿಯಿಂದ ಮೇಲಕ್ಕೆ ಬೆರಳಾಡಿಸುತ್ತಾ ಹೋದೆ.