ತಂಗಿಯ ಪ್ರಾಜೆಕ್ಟ್ ಮತ್ತು ನನ್ನ ಪೆನ್‌ಡ್ರೈವ್

ನಮ್ಮ ಮನೇಲಿ ಇರೋದು ಒಂದೇ ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್‌ದು. ಹಗಲು ತಂಗಿಯ ಫೈನಲ್ ಇಯರ್ ಪ್ರಾಜೆಕ್ಟ್‌ಗೆ, ರಾತ್ರಿ ನನ್ನ ಲಿನಕ್ಸ್ ಕಲಿಕೆಗೆ. ಸಪೋರ್ಟ್ ಕೆಲಸ ಬಿಟ್ಟು ಸರ್ವರ್ ನೋಡಿಕೊಳ್ಳೋ ಕೆಲಸಕ್ಕೆ ಹೋಗಬೇಕು ಅನ್ನೋದು ನನ್ನಾಸೆ. ಕಲಿಯೋಕೆ ಎರಡು ಮೂರು ಸರ್ವರ್ ಬೇಕಲ್ಲ? ಒಂದೇ ಯಂತ್ರದೊಳಗೆ ಅಂಥ ಹಲವು ಯಂತ್ರಗಳನ್ನ ನಡೆಸೋ ಸಾಫ್ಟ್‌ವೇರೇ ಹೈಪರ್‌ವೈಸರ್.

ಟೈಪ್ ಒನ್ ಹೈಪರ್‌ವೈಸರ್ ಲ್ಯಾಪ್‌ಟಾಪಿಗೆ ತಾನೇ ಯಜಮಾನ. ಟೈಪ್ ಟು ವಿಂಡೋಸ್ ಮನೇಲಿ ಬಾಡಿಗೆಗಿರೋ ಒಂದು ಆ್ಯಪ್ ಅಷ್ಟೇ. ಕಂಪನಿಗಳ ಸರ್ವರ್ ರೂಮಲ್ಲಿ ಇರೋದು ಟೈಪ್ ಒನ್ ಅಂತ ನಾನು ಪ್ರಾಕ್ಸ್‌ಮಾಕ್ಸ್ ಅನ್ನ ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡೇಬಿಟ್ಟೆ. ಯಾವ ಡಿಸ್ಕ್ ಅಂತ ಕೇಳೋ ಪುಟದಲ್ಲಿ, ಅದರಲ್ಲಿರೋ ಡೇಟಾ ಎಲ್ಲ ಅಳಿದುಹೋಗುತ್ತೆ ಅನ್ನೋ ಎಚ್ಚರಿಕೆ ಇತ್ತು. ಇದ್ದದ್ದು ಒಂದೇ ಡಿಸ್ಕ್. ಅದರಲ್ಲಿ ತಂಗಿಯ ಪ್ರಾಜೆಕ್ಟ್. ಪವರ್ ಬಟನ್ ಒತ್ತಿ ಹಿಡಿದೆ.

ಬ್ಯಾಕಪ್ ಇದ್ದಿದ್ರೂ ಉಪಯೋಗ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಪ್ರಾಕ್ಸ್‌ಮಾಕ್ಸ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಪರದೆಯಲ್ಲಿ ಉಳಿಯೋದು ಕಪ್ಪು ಲಾಗಿನ್ ಪರದೆ, ಜೊತೆಗೆ 8006 ಪೋರ್ಟ್ ಇರೋ ಒಂದು ವಿಳಾಸ. ಮುಂದಿನದನ್ನೆಲ್ಲ ಇನ್ನೊಂದು ಕಂಪ್ಯೂಟರಿನ ಬ್ರೌಸರ್‌ನಿಂದ ಮಾಡಬೇಕು. ನೆಟ್‌ವರ್ಕ್‌ಗೆ ಕೇಬಲ್ ಬೇಕು, ವೈಫೈ ಜೊತೆ ಅದರ ಸೆಟಪ್ ಸರಿಹೋಗಲ್ಲ. ನಮ್ಮ ಲ್ಯಾಪ್‌ಟಾಪಲ್ಲಿ ಕೇಬಲ್ ಹಾಕೋ ಜಾಗವೇ ಇಲ್ಲ!

ಹಾಗಾಗಿ ವರ್ಚುವಲ್‌ಬಾಕ್ಸ್, ಅಂದ್ರೆ ಟೈಪ್ ಟು. ಮೊದಲ ದಿನವೇ ಈ ಎರರ್:

```
VT-x is disabled in the BIOS for all CPU modes
```

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ ನೋಡಿದೆ, Virtualization ಎದುರು Disabled ಅಂತಿತ್ತು. ಬಯಾಸ್‌ಗೆ ಹೋಗಿ ಅದನ್ನ ಆನ್ ಮಾಡಿದೆ.

ಇನ್ನೊಂದು ತಪ್ಪು ನಂದೇ. ಎರಡು ವರ್ಚುವಲ್ ಯಂತ್ರಕ್ಕೂ ತಲಾ 4 ಜಿಬಿ ಕೊಟ್ಟೆ. ವಿಂಡೋಸ್ ಊಟ ಮಾಡೋದು ಬೇಡ್ವಾ? ಮೌಸ್ ಕೂಡ ಅಲ್ಲಾಡಲಿಲ್ಲ. ಈಗ ಡೆಸ್ಕ್‌ಟಾಪ್ ಇಲ್ಲದ, ಬರೀ ಕಮಾಂಡ್ ಪರದೆಯ ಡೆಬಿಯನ್‌ಗೆ ತಲಾ 1 ಜಿಬಿ ಕೊಟ್ಟಿದ್ದೀನಿ. ಎರಡೂ ಒಟ್ಟಿಗೆ ಓಡುತ್ತವೆ, ಕ್ರೋಮ್‌ನಲ್ಲಿ ಹತ್ತಾರು ಟ್ಯಾಬ್ ತೆರೆಯದಿದ್ರೆ.

ಮೊನ್ನೆ `/etc/fstab` ಫೈಲಲ್ಲಿ ಒಂದು ಸಾಲು ತಪ್ಪಾಗಿ ಬರೆದು ರೀಬೂಟ್ ಮಾಡಿದೆ. ಡೆಬಿಯನ್ ಎದ್ದೇಳದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಿತು. ಹಿಂದಿನ ದಿನ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋದೆ, ಸರಿಯಾಯ್ತು.

"ಏನಣ್ಣಾ, ಏನಾದ್ರೂ ಹಾಳು ಮಾಡಿದ್ಯಾ?" ಅಂತ ತಂಗಿ ಕೇಳಿದ್ಲು.

"ಹೂಂ, ನಂದು ಮಾತ್ರ" ಅಂದೆ.

ಪ್ರಾಕ್ಸ್‌ಮಾಕ್ಸ್ ಆಸೆ ಹೋಗಿಲ್ಲ. ಮಾವನ ಮನೇಲಿ ಧೂಳು ಹಿಡಿದ ಒಂದು ಡೆಸ್ಕ್‌ಟಾಪ್ ಇದೆ, ಅದರಲ್ಲಿ ಕೇಬಲ್ ಪೋರ್ಟೂ ಇದೆ. ಈ ಭಾನುವಾರ ಕೇಳಬೇಕು.