ಭಾನುವಾರವೆಂದರೆ ಭಾನುವಾರವೇ

ಜುಬೈಲಿನ ನಮ್ಮ ಕಚೇರಿಯ ತಂಡಕ್ಕೆ ಹೊಸಬರು ಬರುವಾಗ ಸ್ವಾಗತದ ಇಮೇಲ್ ಬರೆಯುವ ಹೊಣೆ ಕೆಲವು ವರ್ಷಗಳಿಂದ ನಮ್ಮ ಪಾಲಿಗಿದೆ. ಮೊದಮೊದಲು ನಾವು ಬರೆಯುತ್ತಿದ್ದುದು ಎರಡೇ ಸಾಲು: ‘ಸುಸ್ವಾಗತ. ಭಾನುವಾರ ಬೆಳಿಗ್ಗೆ ಏಳಕ್ಕೆ ಕಚೇರಿಗೆ ಬನ್ನಿ.’

ದಾವಣಗೆರೆಯಿಂದ ಬಂದ ತರುಣನೊಬ್ಬ ಆ ಭಾನುವಾರ ಬರಲೇ ಇಲ್ಲ. ಸೋಮವಾರ ಸರಿಯಾದ ಸಮಯಕ್ಕೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರಾದ. ವಿಚಾರಿಸಿದಾಗ ಅಳುಕುತ್ತ ಹೇಳಿದ: “ಸರ್, ಭಾನುವಾರ ರಜೆಯಲ್ಲವೇ? ನೀವು ಕೈತಪ್ಪಿ ಬರೆದಿರಬೇಕೆಂದುಕೊಂಡೆ.” ಅವನ ದಾಖಲೆಯಲ್ಲಿ ಮೊದಲ ದಿನವೇ ಗೈರುಹಾಜರಿ ಬಿದ್ದಿತ್ತು. ತಪ್ಪು ಅವನದಲ್ಲ, ನಮ್ಮದು. ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. 2013ರ ಜೂನ್ ಕೊನೆಯವರೆಗೆ ಅದು ಗುರುವಾರ, ಶುಕ್ರವಾರವಾಗಿತ್ತು. ನಮಗೆ ರೂಢಿಯಾದದ್ದು ಹೊಸಬನಿಗೂ ಗೊತ್ತಿರುತ್ತದೆಂದು ಭಾವಿಸಿಬಿಟ್ಟಿದ್ದೆವು.

ಅಂದಿನಿಂದ ಪತ್ರ ಬೆಳೆಯಿತು. ಅದನ್ನು ಈಗ ಊರು ಬಿಡುವ ಮೊದಲೇ, ಪೆಟ್ಟಿಗೆ ಕಟ್ಟುವ ಹೊತ್ತಿಗೆ ಕೈಸೇರುವಂತೆ ಕಳುಹಿಸುತ್ತೇವೆ. ಕಾರಣ ಗಸಗಸೆ. ಪಾಯಸಕ್ಕಿರಲೆಂದು ಅಮ್ಮ ಪ್ರೀತಿಯಿಂದ ಕಟ್ಟಿಕೊಡುವ ಆ ಪೊಟ್ಟಣ ಇಲ್ಲಿ ಮಾದಕ ಪದಾರ್ಥದ ಸಾಲಿಗೆ ಸೇರಿ ನಿಷಿದ್ಧ. ಮಸಾಲೆಪುಡಿಯಲ್ಲಿ ಬೆರೆಸಿದ್ದರೂ ಬೇಡವೆಂದು ಬರೆಯುತ್ತೇವೆ. ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ತಿಳಿಸಿ ಫಲವೇನು?

ಎರಡನೆಯದು ಪಾಸ್‌ಪೋರ್ಟ್. ಗೇಟಿನಲ್ಲಿ ತಾತ್ಕಾಲಿಕ ಪಾಸ್ ಮಾಡಿಸಲು ಫೋನಿನಲ್ಲಿರುವ ಚಿತ್ರ ಸಾಲದು, ಮೂಲ ಪ್ರತಿಯೇ ಬೇಕು. ದೇಶದೊಳಗೆ ಕಾಲಿಟ್ಟಾಗ ಸಿಗುವ ಬಾರ್ಡರ್ ನಂಬರನ್ನು ಅಂದೇ ಬರೆದಿಟ್ಟುಕೊಳ್ಳಬೇಕು; ವೈದ್ಯಕೀಯ ಪರೀಕ್ಷೆ ಮುಗಿದು ಇಕಾಮಾ ಕೈಗೆ ಬರುವತನಕ ಇಲ್ಲಿ ಅದೇ ಅವನ ಗುರುತು. ಇಕಾಮಾ ಮಾಡಿಸಲು ಉದ್ಯೋಗದಾತರಿಗೆ 90 ದಿನಗಳ ಅವಕಾಶವಿದೆ. ಅದಿಲ್ಲದೆ ಸಂಬಳದ ಖಾತೆ ತೆರೆಯುವುದು ಕಷ್ಟವಾದ್ದರಿಂದ, ಮೊದಲ ತಿಂಗಳ ಊಟ ಮತ್ತು ಓಡಾಟಕ್ಕೆ ಸಾಕಾಗುವಷ್ಟು ರಿಯಾಲ್ ಜೊತೆಗಿರಲಿ ಎಂದೂ ಸೂಚಿಸುತ್ತೇವೆ.

ಮೂರನೆಯದು ಗಡಿಯಾರ. ಸಿಮ್ ಇಲ್ಲದ ಫೋನು ಕೆಲವೊಮ್ಮೆ ಊರಿನ ಸಮಯವನ್ನೇ ತೋರಿಸುತ್ತಿರುತ್ತದೆ. ಇಲ್ಲಿಯ ಏಳು ಗಂಟೆ ಎಂದರೆ ಊರಿನ ಒಂಬತ್ತೂವರೆ. ಅದನ್ನು ಸರಿಪಡಿಸದಿದ್ದರೆ ಅಲಾರಂ ಎರಡೂವರೆ ಗಂಟೆ ಮೊದಲೇ ಎಬ್ಬಿಸುತ್ತದೆ.

ಗುರುವಾರ ರಾತ್ರಿ ಇಳಿಯುವವರಿಗೆ ಇನ್ನೊಂದು ಸಾಲು: ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಂಗಡಿಗಳು ಮುಚ್ಚಿರುವುದುಂಟು; ಹಾಲು, ಬ್ರೆಡ್ಡು, ನೀರನ್ನು ಆ ರಾತ್ರಿಯೇ ಕೊಂಡಿಡಿ.

ಕೊನೆಗೆ ಕರೆದೊಯ್ಯಲು ಬರುವ ಚಾಲಕನ ಹೆಸರು, ಫೋನ್ ನಂಬರು, ವಾಹನ ನಿಲ್ಲುವ ಜಾಗ. ಅದರ ಕೆಳಗೆ ದಪ್ಪಕ್ಷರದಲ್ಲಿ: ‘ಕೆಲಸದ ಮೊದಲ ದಿನ ಭಾನುವಾರ. ಇದು ಕೈತಪ್ಪಲ್ಲ.’

ಆ ದಾವಣಗೆರೆಯ ತರುಣನೇ ಈಗ ಪತ್ರವನ್ನು ಕಳುಹಿಸುವ ಮುನ್ನ ಒಮ್ಮೆ ಓದಿ ನೋಡುತ್ತಾನೆ. ದಪ್ಪಕ್ಷರದ ಆ ಸಾಲು ಅವನು ಸೇರಿಸಿದ್ದು.